ತಿಂಗಳಿಗೆ 3000 ರೂಪಾಯಿ: ಹುಡುಕಾಟದ ಜಾಹೀರಾತೋ, ಸಾಮಾಜಿಕ ಜಾಲತಾಣದ ಜಾಹೀರಾತೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನಮ್ಮದೊಂದು ಪಂಪುಸೆಟ್ ರಿಪೇರಿ ಮತ್ತು ವೈಂಡಿಂಗ್ ಅಂಗಡಿಯಿದೆ. ಜಾಹೀರಾತಿಗೆ ತಿಂಗಳಿಗೆ 3000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲು ನಮ್ಮಿಂದಾಗದು; ಅದರಲ್ಲಿ 18% ಜಿಎಸ್‌ಟಿ ಕಳೆದರೆ ಉಳಿಯುವುದು ಸುಮಾರು 2540. ಈ ಹಣವನ್ನು ಎರಡು ಕಡೆಗೆ ಹಂಚಿದರೆ ಯಾವುದರ ಫಲವೂ ಸ್ಪಷ್ಟವಾಗದೆಂದು, ಜನವರಿಯಲ್ಲಿ ಗೂಗಲ್ ಹುಡುಕಾಟದ ಜಾಹೀರಾತನ್ನು ಮಾತ್ರ, ಫೆಬ್ರವರಿಯಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್ ಜಾಹೀರಾತನ್ನು ಮಾತ್ರ ನಡೆಸಿ ನೋಡಿದೆ. ಎರಡೂ ಅಡಿಕೆ ತೋಟಕ್ಕೆ ನೀರು ಬಿಡುವ ತಿಂಗಳುಗಳಾದುದರಿಂದ ಹೋಲಿಕೆಗೆ ಅಡ್ಡಿಯಿರಲಿಲ್ಲ.

ಗೂಗಲ್‌ನಲ್ಲಿ ಮೊದಲ ಹತ್ತು ದಿನ ಖರ್ಚಾದ 850 ರೂಪಾಯಿ ಬಹುಪಾಲು ವ್ಯರ್ಥವಾಯಿತು. 61 ಕ್ಲಿಕ್ ಬಂದರೂ ಕೆಲಸಕ್ಕೆ ಸಂಬಂಧಿಸಿದ ಕರೆಗಳು ಮೂರೇ. ಕಾರಣ ತಿಳಿದದ್ದು, ಜನರು ನಿಜವಾಗಿ ಏನು ಟೈಪ್ ಮಾಡಿದ್ದರೆಂದು ತೋರಿಸುವ Search terms ಪಟ್ಟಿಯನ್ನು ತೆರೆದಾಗ. ಹೊಸ ಮೋಟಾರಿನ ಬೆಲೆ, ವೈಂಡಿಂಗ್ ಕಲಿಸುವ ಕೋರ್ಸು, ಬೈಕ್ ಮೋಟಾರು ಎಂದು ಹುಡುಕಿದವರಿಗೂ ನಮ್ಮ ಜಾಹೀರಾತು ಕಾಣಿಸಿತ್ತು, ಏಕೆಂದರೆ ಯಾವ ಹುಡುಕಾಟಕ್ಕೆ ಜಾಹೀರಾತು ಕಾಣಿಸಬೇಕೆಂದು ಸೂಚಿಸುವ ಪದಗಳನ್ನು ನಾನು ಯಾವ ಚಿಹ್ನೆಯೂ ಇಲ್ಲದೆ ಬರೆದು, ಅರ್ಥವನ್ನು ಹಿಗ್ಗಿಸಿಕೊಳ್ಳುವ ಅವಕಾಶವನ್ನು ಗೂಗಲ್‌ಗೆ ಬಿಟ್ಟುಕೊಟ್ಟಿದ್ದೆ. `"pump motor repair"` ಎಂಬಂತೆ ಉದ್ಧರಣ ಚಿಹ್ನೆಯೊಳಗೆ ಬರೆದಾಗ ಆ ಹಿಗ್ಗುವಿಕೆ ಬಹಳಷ್ಟು ತಗ್ಗಿತು. `course`, `price`, `bike` ಎಂಬ ಪದಗಳನ್ನು ಬೇಡದ ಪದಗಳ ಪಟ್ಟಿಗೆ ಸೇರಿಸಿದೆ. ಎರಡನೆಯ ತಪ್ಪು ಸ್ಥಳದ್ದು. ತಾನಾಗಿ ಆಯ್ಕೆಯಾಗಿರುವ ವ್ಯವಸ್ಥೆಯಲ್ಲಿ, ನಾವು ಆರಿಸಿದ ಊರಿನ ಬಗ್ಗೆ ಆಸಕ್ತಿ ತೋರಿಸಿದ ದೂರದವರಿಗೂ ಜಾಹೀರಾತು ಹೋಗುತ್ತದೆ. ಅದನ್ನು Presence ಎಂದು ಬದಲಿಸಿದ ಮೇಲೆ ನಮ್ಮ ಸುತ್ತಿನಲ್ಲಿರುವವರಿಗೆ ಸೀಮಿತವಾಯಿತು.

ಉಳಿದ ಇಪ್ಪತ್ತೊಂದು ದಿನಗಳಲ್ಲಿ ಖರ್ಚಾದದ್ದು 980 ರೂಪಾಯಿ, ಬಂದ ಕರೆಗಳು 19, ಸಿಕ್ಕ ಕೆಲಸಗಳು 9. ಒಂದು ಕೆಲಸಕ್ಕೆ ಸುಮಾರು 109 ರೂಪಾಯಿ ಬಿತ್ತು. ಮೋಟಾರು ಸುಟ್ಟು ತೋಟಕ್ಕೆ ನೀರು ನಿಂತವನು ಬೆಲೆ ಕೇಳಿ ಸುಮ್ಮನಾಗುವುದಿಲ್ಲ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತಾನೆ. ಇಲ್ಲಿ ಗಮನಿಸಬೇಕಾದ ಮಿತಿಯೊಂದಿದೆ: ಇನ್ನೂ 700 ರೂಪಾಯಿ ಖರ್ಚಾಗದೆಯೇ ಉಳಿಯಿತು. ಬದಿಯಡ್ಕ, ಕುಂಬ್ಡಾಜೆ, ಎಣ್ಮಕಜೆ, ಬೆಳ್ಳೂರು ಪಂಚಾಯತುಗಳಲ್ಲಿ ತಿಂಗಳಿಗೆ ಇಷ್ಟು ಜನ ಮಾತ್ರ ಹುಡುಕುತ್ತಾರೆ. ಹಣ ಹೆಚ್ಚಿಸಿದರೆ ಹುಡುಕುವವರು ಹೆಚ್ಚುವುದಿಲ್ಲ. ಕನ್ನಡ ಲಿಪಿಯಲ್ಲಿ ಹುಡುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವವರೂ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನೇ ಒತ್ತುತ್ತಾರೆ ಎಂಬುದು ನನಗೆ ಬೇಸರ ತಂದರೂ, ಪದಗಳನ್ನು ಅದಕ್ಕೆ ಹೊಂದಿಸಲೇಬೇಕಾಯಿತು.

ಫೆಬ್ರವರಿಯಲ್ಲಿ, ಒತ್ತಿದರೆ ವಾಟ್ಸಾಪ್ ತೆರೆಯುವ ಜಾಹೀರಾತನ್ನು ಬದಿಯಡ್ಕದಿಂದ 15 ಕಿಲೋಮೀಟರ್ ದೂರದವರೆಗಿನ ವ್ಯಾಪ್ತಿಗೆ ದಿನಕ್ಕೆ ಸುಮಾರು 90 ರೂಪಾಯಿಯಂತೆ ಹಾಕಿದೆ. ಆರಂಭದಲ್ಲಿ ಕನ್ನಡಕ್ಕೊಂದು, ಮಲಯಾಳಕ್ಕೊಂದು, ಯುವಕರಿಗೊಂದು ಎಂದು ಮೂರು ಗುಂಪು ಮಾಡಿ ತಲಾ 30 ರೂಪಾಯಿ ಹಂಚಿದ್ದು ಸರಿಯಾಗಲಿಲ್ಲ. ಯಾರಿಗೆ ತೋರಿಸಬೇಕೆಂದು ಫೇಸ್‌ಬುಕ್‌ನ ವ್ಯವಸ್ಥೆ ಕಲಿತುಕೊಳ್ಳಲು ಒಂದೊಂದು ಗುಂಪಿನಲ್ಲಿ ವಾರಕ್ಕೆ ಸುಮಾರು 50 ಫಲಿತಾಂಶಗಳು, ನಮ್ಮ ಮಟ್ಟಿಗೆ ಸಂದೇಶಗಳು, ಬೇಕಾಗುತ್ತವೆ. 90 ರೂಪಾಯಿಗೇ ಅದು ಎಟುಕದಿರುವಾಗ 30ಕ್ಕೆ ಎಟುಕುವ ಮಾತೇ ಇಲ್ಲ. ಒಂದೇ ಗುಂಪು ಮಾಡಿ, ಸುಟ್ಟ ಕಾಯಿಲನ್ನು ಬಿಚ್ಚಿ ತೋರಿಸುತ್ತ ಕನ್ನಡದಲ್ಲಿ ವಿವರಿಸಿದ ವೀಡಿಯೊ ಹಾಕಿದ ಮೇಲೆ ಸಂದೇಶಗಳು ಹೆಚ್ಚಿದವು. ತಿಂಗಳಲ್ಲಿ 74 ಸಂದೇಶಗಳು ಬಂದವು, ಕೆಲಸ ಸಿಕ್ಕಿದ್ದು ಐದು. ಪೂರ್ತಿ 2540 ಖರ್ಚಾಗಿ ಒಂದು ಕೆಲಸಕ್ಕೆ 508 ರೂಪಾಯಿ ಬಿತ್ತು. ಬಹುಪಾಲು ಜನ ರೇಟು ಎಷ್ಟೆಂದು ಕೇಳಿ ನಿಲ್ಲಿಸಿದ್ದರು, ಏಕೆಂದರೆ ಅವರ ಮೋಟಾರು ಓಡುತ್ತಲೇ ಇತ್ತು.

ಆದರೂ ಅದನ್ನು ನಾನು ಕೈಬಿಡಲಿಲ್ಲ. ಮುಂದಿನ ನವೆಂಬರಿನಲ್ಲಿ, ತೋಟಕ್ಕೆ ನೀರು ಬಿಡುವ ಕೆಲಸ ಶುರುವಾಗುವ ಮೊದಲು, ಬೇರಿಂಗ್ ಮತ್ತು ಸೀಲ್ ಪರೀಕ್ಷಿಸಿಕೊಡುವ ಸರ್ವೀಸಿಗೆ ಅದೇ ವ್ಯಾಪ್ತಿಯಲ್ಲಿ ಅಷ್ಟೇ ಹಣಕ್ಕೆ ಜಾಹೀರಾತು ಕೊಟ್ಟಾಗ 14 ಕೆಲಸಗಳು ಸಿಕ್ಕವು. ಇಂಥ ಸರ್ವೀಸನ್ನು ಗೂಗಲ್‌ನಲ್ಲಿ ಯಾರೂ ಹುಡುಕುವುದಿಲ್ಲ. ನೆನಪಿಸಿದರೆ ಮಾತ್ರ ಬರುತ್ತಾರೆ. ಹೀಗಾಗಿ ಡಿಸೆಂಬರಿನಿಂದ ಮೇ ತನಕ ಗೂಗಲ್‌ಗೆ ಒಂದೂವರೆ ಸಾವಿರದೊಳಗೆ, ಅದೂ ಫೋನ್ ಎತ್ತಲು ಜನರಿರುವ ಬೆಳಿಗ್ಗೆ 7ರಿಂದ ಸಂಜೆ 7ರ ವರೆಗೆ ಮಾತ್ರ, ಖರ್ಚು ಮಾಡುತ್ತೇನೆ, ಫೇಸ್‌ಬುಕ್ ನವೆಂಬರಿಗಷ್ಟೇ.

ಈ ಲೆಕ್ಕಗಳೆಲ್ಲ ಅಂಗಡಿಯ ಪುಸ್ತಕದಲ್ಲಿ, ನಮ್ಮ ನಂಬರು ಎಲ್ಲಿ ಸಿಕ್ಕಿತೆಂದು ಪ್ರತಿಯೊಬ್ಬರನ್ನೂ ಕೇಳಿ ಬರೆದವು. ಅದರಲ್ಲಿ ಒಂದು ಕೊರತೆ ಉಳಿದಿದೆ: ಏಪ್ರಿಲಿನಲ್ಲಿ ಗೂಗಲ್ ಮೂಲಕ ಕರೆದ ಪೆರ್ಲದ ಕೃಷಿಕರೊಬ್ಬರು, ಕಾಯಿಲು ಬಿಚ್ಚುವ ವೀಡಿಯೊದವರು ನೀವೇ ಅಲ್ಲವೇ ಎಂದು ಕೇಳಿದರು. ಅವರ ಕೆಲಸವನ್ನು ನಾನು ಗೂಗಲ್ ಖಾತೆಗೇ ಬರೆದಿದ್ದೇನೆ.