ಸೋಬಾನೆ ರೆಕಾರ್ಡ್ ಮಾಡಲು ಹೊರಟಿದ್ದೀರಾ? ಮೊದಲು ನನ್ನ ಎಡವಟ್ಟು ಓದಿ

ಮೂರು ವರ್ಷದ ಹಿಂದೆ ತುಮಕೂರು ಜಿಲ್ಲೆಯ ಒಂದು ಊರಲ್ಲಿ ಸೋಬಾನೆ ಪದ ರೆಕಾರ್ಡ್ ಮಾಡಿಕೊಂಡು ಬಂದೆ. ಎರಡು ಸಂಜೆ, ಒಂದು ಜಗಲಿ, ಐದು ಜನ ಹೆಂಗಸರು. ಮುಂದೆ ಹೇಳಿಕೊಡುವವರು ಒಬ್ಬ ಅಜ್ಜಿ, ಉಳಿದ ನಾಲ್ವರು ಹಿಮ್ಮೇಳ. ಶುರು ಮಾಡುವ ಮುಂಚೆ ಕೇಳಿದ್ದೆ, "ಅಜ್ಜಿ, ರೆಕಾರ್ಡ್ ಮಾಡ್ಕೊಳ್ಲಾ?" ಅಂತ. "ಮಾಡ್ಕೊ ಮಗ, ಅದ್ಕೇನಂತೆ" ಅಂದರು. ಒಪ್ಪಿಗೆ ಸಿಕ್ಕಿತು ಅಂದುಕೊಂಡೆ. ಮುಂದಿನ ರಾದ್ಧಾಂತಕ್ಕೆಲ್ಲ ಮೂಲ ಆ ಒಂದು ಮಾತು.

ಅಜ್ಜಿಯ ಲೆಕ್ಕದಲ್ಲಿ ರೆಕಾರ್ಡ್ ಅಂದರೆ ಏನು ಅಂತ ನಾನು ಕೇಳಲೇ ಇಲ್ಲ. ಹಿಂದೆ ಯಾರೋ ಮೇಷ್ಟ್ರು ಟೇಪ್ ರೆಕಾರ್ಡರ್ ತಂದಿದ್ದರಂತೆ. ಹಾಡಿಸಿದರು, ಅಲ್ಲೇ ತಿರುಗಿಸಿ ಕೇಳಿಸಿದರು, ಎಲ್ಲರೂ ನಕ್ಕರು, ಮುಗಿಯಿತು. ನಾನೂ ಅಷ್ಟೇ ಮಾಡುತ್ತೇನೆ ಅಂತ ಅವರು ಅಂದುಕೊಂಡಿದ್ದರು.

ಎರಡನೇ ಸಂಜೆ ನಾನೇ ಕೆದಕಿ ಬೀಗರ ಪದ ಕೇಳಿದೆ. ಗೊತ್ತಲ್ವಾ, ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಆಡಿಕೊಳ್ಳುವ ಹಾಡುಗಳು. ಧಾಟಿ ಹಳೆಯದು, ಹೆಸರು ಮಾತ್ರ ಆಯಾ ಮದುವೆಯದ್ದು, ಅಲ್ಲಲ್ಲೇ ಕೂಡಿಸುತ್ತಾರೆ. ಅವತ್ತು ಮದುವೆ ಇರಲಿಲ್ಲ. ಅಜ್ಜಿ ತಮ್ಮ ಕಿರಿ ಮಗಳ ಮಾವನ ಹೆಸರನ್ನೇ ಕೂಡಿಸಿಬಿಟ್ಟರು. ಆತನ ಜಿಪುಣತನ, ಅವನ ಮನೆಯ ನೀರು ಸಾರು, ಹರಿದ ಚಪ್ಪಲಿ, ಎಲ್ಲ ಬಂತು. ಹಿಮ್ಮೇಳದವರು ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡರು. ಆ ನಗುವೂ ರೆಕಾರ್ಡ್ ಆಯಿತು. ನನಗೆ ಅದೇ ಜಾಸ್ತಿ ಇಷ್ಟವಾದದ್ದು.

ಚಪ್ಪರದಲ್ಲಿ ಇಂಥ ಹಾಡಿಗೆ ಎದುರು ಕಡೆಯವರು ಅಲ್ಲೇ ಉತ್ತರ ಕೊಡುತ್ತಾರೆ, ಲೆಕ್ಕ ಚುಕ್ತಾ ಆಗುತ್ತದೆ. ಫೋನಿನಲ್ಲಿ ಬಂದರೆ ಉತ್ತರ ಕೊಡುವವರು ಯಾರು?

ಕೆಲವು ತಿಂಗಳಾದ ಮೇಲೆ ಜಾನಪದ ಹಾಡು ಹಾಕುವ ಒಂದು ಯೂಟ್ಯೂಬ್ ಚಾನೆಲ್‌ನವರು ಸಿಕ್ಕರು. "ಒಳ್ಳೆ ಹಾಡು ಸಾರ್, ನಾಲ್ಕು ಜನಕ್ಕೆ ತಲುಪಲಿ" ಅಂದರು. ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ ಕೊಟ್ಟರು. ಎಲ್ಲ ಹಕ್ಕು, ಇಡೀ ಜಗತ್ತಿಗೆ, ಎಂದೆಂದಿಗೂ ಅಂತ ಅದರಲ್ಲಿತ್ತು. ಸುಮ್ನೆ ಸಹಿ ಹಾಕಿದೆ, ಫೈಲುಗಳನ್ನು ಕೊಟ್ಟೆ. ಅವರು ಹಿಂದೆ ಕೀಬೋರ್ಡ್ ಸೇರಿಸಿ ಒಂದೊಂದಾಗಿ ಬಿಟ್ಟರು. ಬೀಗರ ಪದಕ್ಕೆ ಜಾಸ್ತಿ ಜನ ಬಂದರು. ಎರಡು ವಾರದೊಳಗೆ ಅದು ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಸುತ್ತಿ ಆ ಮಾವನ ಫೋನಿಗೇ ಹೋಯಿತು.

ಅಜ್ಜಿ ಮೊಮ್ಮಗಳ ಕೈಲಿ ಫೋನ್ ಮಾಡಿಸಿದರು. ಬೈಯಲಿಲ್ಲ. "ಮನೆ ಒಳಗಿನ ಮಾತ್ನ ಬೀದಿಗ್ ಹಾಕ್ಬುಟ್ಟಲ್ಲಪ್ಪ" ಅಂದರು, ಅಷ್ಟೇ. ಆ ವರ್ಷ ಊರ ಹಬ್ಬಕ್ಕೆ ಮಗಳನ್ನು ಕಳಿಸಲಿಲ್ಲವಂತೆ.

ಎರಡನೇ ಪೆಟ್ಟು ನಾನು ಎಣಿಸದೇ ಇದ್ದದ್ದು. ನಾನು ಮೊದಲೇ ಮೊಮ್ಮಗಳಿಗೆ ಕೆಲವು ಹಾಡು ಕಳಿಸಿದ್ದೆ. ಅವಳು ಅಜ್ಜಿಯ ಫೋಟೋ ಜೋಡಿಸಿ ಒಂದು ಅರಿಶಿನದ ಹಾಡನ್ನು ತನ್ನ ಚಾನೆಲ್‌ಗೆ ಹಾಕಿದಳು. ಹಾಕಿದ ಸ್ವಲ್ಪ ಹೊತ್ತಿಗೆ ಕಾಪಿರೈಟ್ ಕ್ಲೇಮ್ ಬಂತು. ಚಾನೆಲ್‌ನವರು ಯಾವುದೋ ಮ್ಯೂಸಿಕ್ ಕಂಪನಿ ಮೂಲಕ ಆ ರೆಕಾರ್ಡಿಂಗನ್ನು ಯೂಟ್ಯೂಬಿನ Content ID ಪಟ್ಟಿಗೆ ಸೇರಿಸಿದ್ದರು. ಅಲ್ಲಿ ಧ್ವನಿಗೆ ಧ್ವನಿ ತಾಳೆ ಹಾಕುವುದು ಯಂತ್ರ. ಹಾಡಿದ್ದು ಇವಳ ಅಜ್ಜಿ ಅಂತ ಅದಕ್ಕೇನು ಗೊತ್ತು? ಅಜ್ಜಿಯ ದನಿಗೆ ಬರುವ ಜಾಹೀರಾತಿನ ಕಾಸು ಬೇರೆಯವರಿಗೆ.

ಆಮೇಲೆ ಒಬ್ಬ ವಕೀಲ ಗೆಳೆಯನ ಹತ್ತಿರ ಕೂತು 1957ರ ಕಾಪಿರೈಟ್ ಕಾಯ್ದೆ ಓದಿಸಿಕೊಂಡೆ. ಹಳೆಯ ಹಾಡಿಗೆ ಯಾರೂ ಒಡೆಯರಿಲ್ಲ, ಆದರೆ ಅದರ ರೆಕಾರ್ಡಿಂಗಿಗೆ ಒಡೆಯರಿರುತ್ತಾರೆ. ಸಾಮಾನ್ಯವಾಗಿ ಅದು ರೆಕಾರ್ಡ್ ಮಾಡಿಸಿದವರದ್ದು, ಹೊರಬಂದ ಮೇಲೆ 60 ವರ್ಷ. ನಮ್ಮಂಥವರು ಇಷ್ಟನ್ನೇ ಹಿಡಿದುಕೊಂಡು "ನನ್ನ ರೆಕಾರ್ಡಿಂಗ್" ಅನ್ನುತ್ತೇವೆ. ಆದರೆ ಹಾಡಿದವರಿಗೂ ಅದೇ ಕಾಯ್ದೆಯಲ್ಲಿ ಬೇರೆ ಹಕ್ಕಿದೆ, 38ನೇ ಕಲಮು, 50 ವರ್ಷ. ಹಿಮ್ಮೇಳದ ನಾಲ್ವರಿಗೂ ಅದು ಉಂಟು. ಆ ಹಕ್ಕನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಾದರೆ ಬರವಣಿಗೆಯಲ್ಲಿ, ಸಹಿ ಇರಬೇಕು. ನಾನು ಯಾರ ಹತ್ತಿರವೂ ಏನೂ ಬರೆಸಿಕೊಂಡಿರಲಿಲ್ಲ. ಅಂದರೆ ನನ್ನದಲ್ಲದ್ದನ್ನು ಚಾನೆಲ್‌ಗೆ ಬರೆದುಕೊಟ್ಟಿದ್ದೆ. ನಾಚಿಕೆಯ ಮಾತೇ, ಆದರೆ ಕೊನೆಗೆ ಕೈಹಿಡಿದದ್ದು ಅದೇ.

ಮೊಮ್ಮಗಳಿಂದ ಡಿಸ್ಪ್ಯೂಟ್ ಹಾಕಿಸಿದೆ. ಕ್ಲೇಮ್ ಹಾಕಿದವರಿಗೆ ಉತ್ತರಿಸಲು 30 ದಿನ ಇರುತ್ತದೆ. ಆ ಅವಧಿಯಲ್ಲೇ ಐವರ ಹೆಸರಿನಲ್ಲಿ ಚಾನೆಲ್‌ಗೆ ಒಂದು ಪತ್ರ ಹೋಯಿತು: ಹಾಡಿದವರು ಯಾರೂ ಒಪ್ಪಿಲ್ಲ, ಸಹಿ ಹಾಕಿದವನಿಗೆ ಅವರ ಹಕ್ಕು ಕೊಡುವ ಅಧಿಕಾರವಿಲ್ಲ. ಕ್ಲೇಮ್ ಬಿಟ್ಟರು, ಬೀಗರ ಪದ ತೆಗೆದರು. ಉಳಿದದ್ದಕ್ಕೆ ಇನ್ನೂ ಎಳೆದಾಟ ನಡೆದಿದೆ.

ಈಗ ನಾನು ಬೇರೆ ಥರ ಮಾಡುತ್ತೇನೆ. ಮೊದಲ ಸಲ ಹೋದಾಗ ರೆಕಾರ್ಡರ್ ಚೀಲದಿಂದ ತೆಗೆಯುವುದೇ ಇಲ್ಲ. ಹಾಡಿಸಿದ ದಿನ, ಹಾಡು ಮುಗಿದ ಮೇಲೆ, ಎಲ್ಲವನ್ನೂ ಅವರಿಗೆ ತಿರುಗಿಸಿ ಕೇಳಿಸುತ್ತೇನೆ. ಒಪ್ಪಿಗೆ ಕೇಳುವುದು ಆಗ, ಅದೂ ಒಂದೊಂದು ಹಾಡಿಗೆ. ಇದು ನನ್ನ ಹತ್ತಿರವೇ ಇರಲಾ? ಓದುವ ಹುಡುಗರಿಗೆ ಕೇಳಿಸಲಾ? ಇಲ್ಲ, ಎಲ್ಲರ ಫೋನಿಗೂ ಬರುವ ಹಾಗೆ ಹಾಕಲಾ? ಮೂರನೆಯದನ್ನು ಕೇಳುವಾಗ ಯೂಟ್ಯೂಬ್ ತೆರೆದು, ಇನ್ಯಾರೋ ಅಜ್ಜಿಯ ವಿಡಿಯೋ ತೋರಿಸಿ, ಕೆಳಗಿನ ಕಾಮೆಂಟುಗಳನ್ನು ಓದಿ ಹೇಳುತ್ತೇನೆ. ಅದನ್ನು ನೋಡಿದ ಮೇಲೆ ಎಷ್ಟೋ ಜನ "ಬ್ಯಾಡ ಬುಡು" ಅಂದಿದ್ದಾರೆ. ಅವರ ಉತ್ತರವನ್ನು ಅವರ ಮಾತಿನಲ್ಲೇ ರೆಕಾರ್ಡ್ ಮಾಡಿ ಹಾಡಿನ ಫೈಲಿನ ಜೊತೆಗೇ ಇಡುತ್ತೇನೆ. ಕಾಗದವೂ ಬೇಕು, ಕನ್ನಡದ್ದು, ಓದಿ ಹೇಳಿದ್ದು. ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವವರನ್ನು ನೋಡಿದ್ದೇನೆ. ಅದಕ್ಕೆ ಒಪ್ಪಿಗೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಒಬ್ಬರ ಒಪ್ಪಿಗೆ ಸಾಲದೇ ಹೋಗುವ ಹಾಡುಗಳೂ ಇವೆ. ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು, ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ದೀಕ್ಷೆ ಪಡೆದವರು. ಅಲ್ಲಿ ಹಾಡುಗಾರ ಹೂಂ ಅಂದರೂ ಹಿರಿಯರನ್ನು, ಒಕ್ಕಲನ್ನು ಕೇಳಲೇಬೇಕು.

ದುಡ್ಡಿನ ವಿಷಯದಲ್ಲೂ ತಪ್ಪಿದ್ದೆ. ಅಜ್ಜಿಗೆ ಮಾತ್ರ ಕೊಟ್ಟಿದ್ದೆ. ಹಿಮ್ಮೇಳದವರು ಹೊಲದ ಕೂಲಿ ಬಿಟ್ಟು ಬಂದಿದ್ದರು, ಅವರಿಗೆ ಕಾಫಿ, ಬನ್ನು.

ಇನ್ನು ವಾಪಸ್ ಕೊಡುವುದು. ಮೊದಲು ನಾನು ಸಿಡಿ ಕೊಟ್ಟು ಬಂದಿದ್ದೆ. ಆ ಊರಲ್ಲಿ ಸಿಡಿ ಹಾಕುವ ಡಬ್ಬ ಯಾರ ಮನೆಯಲ್ಲೂ ಇರಲಿಲ್ಲ. ನಾನು ರೆಕಾರ್ಡ್ ಮಾಡುವುದು 48 ಕಿಲೋಹರ್ಟ್ಸ್, 24 ಬಿಟ್ WAVನಲ್ಲಿ, ಗಂಟೆಗೆ ಸುಮಾರು ಒಂದು ಜಿಬಿ ಆಗುತ್ತದೆ. ಅದು ಇಟ್ಟುಕೊಳ್ಳಲು ಸರಿ, ಬಟನ್ ಫೋನಿನಲ್ಲಿ ಓಡುವುದು ಕಷ್ಟ. ಹೋದ ತಿಂಗಳು MP3 ಮಾಡಿ ಐದು ಮೆಮೊರಿ ಕಾರ್ಡಿಗೆ ತುಂಬಿಸಿ ಐದು ಮನೆಗೂ ಕೊಟ್ಟೆ. ಮೂಲ WAV ಇರುವ ಪೆನ್‌ಡ್ರೈವ್ ಮೊಮ್ಮಗಳ ಹತ್ತಿರ ಇದೆ. ಬೀಗರ ಪದ ಯಾವ ಕಾರ್ಡಿನಲ್ಲೂ ಇಲ್ಲ, ಅದನ್ನು ಅಳಿಸು ಅಂದಿದ್ದರು ಅಜ್ಜಿ. ಅವರ ಎದುರಿಗೇ ಅಳಿಸಿದೆ.

ವಾಟ್ಸ್ಆ್ಯಪ್‌ನಲ್ಲಿ ಅದು ಇನ್ನೂ ಓಡಾಡುತ್ತಿದೆ. ಮೊನ್ನೆ ನನ್ನ ಚಿಕ್ಕಮ್ಮನೇ ಕಳಿಸಿದ್ದರು, "ಎಷ್ಟ್ ಚೆನ್ನಾಗಿದೆ ಕೇಳೋ" ಅಂತ.