ಎಲೆ ಒಣಗಿದೆ ಅಂತ ಅಲಸಂದಿ ಮೇವು ಒಟ್ಟಬೇಡಿ, ನನ್ನ ಬಣವೆ ಒಳಗೇ ಬೆಂದು ಹೋಯಿತು

ಮುಂಗಾರಿನ ಹಸಿ ಮೇವನ್ನು ಒಣಗಿಸಿ ಬೇಸಿಗೆಗೆ ಇಟ್ಟುಕೊಳ್ಳಬೇಕು ಅಂತಿರುವವರು ಕೊಯ್ಯೋಕೆ ಮೊದಲು ಇದನ್ನು ಓದಿಬಿಡಿ. ಹೋದ ವರ್ಷ ನಾನು ಎರಡು ತಪ್ಪು ಮಾಡಿದೆ. ಒಂದು ಹುಲ್ಲಿನಲ್ಲಿ, ಇನ್ನೊಂದು ಅಲಸಂದಿಯಲ್ಲಿ. ಹುಲ್ಲಿನ ತಪ್ಪಿಗೆ ಸತ್ವ ಹೋಯಿತು, ಅಲಸಂದಿಯ ತಪ್ಪಿಗೆ ಬಣವೆಯೇ ಹೋಯಿತು.

ನಮ್ಮದು ಕುಷ್ಟಗಿ ಕಡೆ ಮಸಾರಿ ಹೊಲ. ಎರಡು ಎಮ್ಮೆ, ಒಂದು ಜೋಡಿ ಎತ್ತು. ಬೇಸಿಗೆಯಲ್ಲಿ ಬರೀ ಜೋಳದ ಕಣಿಕೆ ಹಾಕಿದರೆ ಎಮ್ಮೆ ಹಾಲು ಇಳಿಸಿಬಿಡುತ್ತವೆ. ಅದಕ್ಕೇ ಅರ್ಧ ಎಕರೆ ಅಂಜನ್ ಹುಲ್ಲು, ಅರ್ಧ ಎಕರೆ ಮೇವಿನ ಅಲಸಂದಿ ಹಾಕಿದ್ದೆ. ಬೆಳೆ ಚೆನ್ನಾಗೇ ಬಂದಿತ್ತು.

ಮೊದಲು ಹುಲ್ಲಿನ ವಿಷಯ. ಆಗಸ್ಟ್ ಕೊನೆಗೆ ತೆನೆ ಇಣುಕತೊಡಗಿತ್ತು. ಕೊಯ್ಯಬೇಕಾದ ಸಮಯ ಅದೇ. ಆದರೆ ನಾನು ಬೀಜ ತಂದ ಅಂಗಡಿಯವರು "ಇನ್ನೊಂದ್ ಮೂರು ವಾರ ಬಿಡ್ರೀ ಅಣ್ಣಾ, ತೂಕ ಬರ್ತೈತಿ" ಅಂದರು. ತೂಕವೇನೋ ಬಂತು. ಅಷ್ಟರಲ್ಲಿ ಬೀಜ ಉದುರಿ, ಕಾಂಡ ತಂತಿಯ ಹಾಗೆ ಬಿರುಸಾಗಿ, ಕೆಳಗಿನ ಎಲೆಗಳೆಲ್ಲ ಹಳದಿಯಾಗಿ ಹೋಗಿದ್ದವು. ಹುಲ್ಲು ತೆನೆ ಹಾಕಿದ ಮೇಲೆ ಸತ್ವ ಎಲೆಯಿಂದ ಬೀಜಕ್ಕೆ ಹೋಗುತ್ತದೆ, ಕಾಂಡ ನಾರಾಗುತ್ತದೆ. ಒಣಗಿಸಿದರೆ ಅದು ಮತ್ತೆ ಮೆತ್ತಗಾಗುವುದಿಲ್ಲ. ಮಾರ್ಚ್‌ನಲ್ಲಿ ಹಾಕಿದಾಗ ಎಮ್ಮೆಗಳು ಎಲೆ ಇದ್ದಷ್ಟು ಆರಿಸಿ ತಿಂದು ಕಡ್ಡಿಯನ್ನೆಲ್ಲ ಗೋದಲಿಯಲ್ಲೇ ಬಿಟ್ಟವು. ಹುಲ್ಲನ್ನು ತೆನೆ ಹೊರಬರುವಾಗ, ತಪ್ಪಿದರೆ ಹೂವಾಡುವ ಮೊದಲ ದಿನಗಳಲ್ಲಿ ಕೊಯ್ದುಬಿಡಿ. ತೂಕ ಸ್ವಲ್ಪ ಕಡಿಮೆ ಸಿಗಬಹುದು, ಆದರೆ ದನದ ಹೊಟ್ಟೆಗೆ ಹೋಗುವುದು ಜಾಸ್ತಿ.

ಈಗ ಅಲಸಂದಿ. ಅದನ್ನು ನಾನು ಸರಿಯಾದ ಸಮಯಕ್ಕೇ ಕೊಯ್ದಿದ್ದೆ. ಅರ್ಧದಷ್ಟು ಗಿಡ ಹೂವಾಗಿತ್ತು, ಅಲ್ಲೊಂದು ಇಲ್ಲೊಂದು ಎಳೆ ಕಾಯಿ ಕಟ್ಟಿತ್ತು. ತೊಂದರೆ ಇದ್ದದ್ದು ಆ ತಿಂಗಳಲ್ಲಿ. ಜುಲೈನಲ್ಲಿ ಬಿತ್ತಿದ ಅಲಸಂದಿ ಕೊಯ್ಲಿಗೆ ಬರುವುದೇ ಸೆಪ್ಟೆಂಬರ್‌ನಲ್ಲಿ, ನಮ್ಮ ಕಡೆ ಮಳೆ ಜಾಸ್ತಿ ಬೀಳುವುದೂ ಅದೇ ತಿಂಗಳು. ಎರಡು ದಿನ ಒಳ್ಳೆ ಬಿಸಿಲು ಬಿತ್ತು. ಮೂರನೇ ದಿನ ಮಧ್ಯಾಹ್ನ ಮೋಡ ಕಟ್ಟಿತು. ಹೋಗಿ ಮುಟ್ಟಿ ನೋಡಿದೆ. ಎಲೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಒಣಗಿದೆ ಅಂದುಕೊಂಡು, ಮನೆ ಮಂದಿಯೆಲ್ಲ ಸೇರಿ ಹೊತ್ತು ತಂದು, ತುಳಿದು ತುಳಿದು ಬಣವೆ ಒಟ್ಟಿ, ಮೇಲಿನಿಂದ ಕೆಳತನಕ ತಾಡಪತ್ರಿ ಮುಚ್ಚಿ ಹಗ್ಗ ಬಿಗಿದೆವು.

ನನಗೆ ಆಗ ಗೊತ್ತಿಲ್ಲದ್ದು ಇದು: ಅಲಸಂದಿ, ಕುದುರೆ ಮೆಂತೆ, ಇಂಥ ದ್ವಿದಳ ಮೇವಿನಲ್ಲಿ ಎಲೆ ಮೊದಲೇ ಒಣಗುತ್ತದೆ, ದಪ್ಪ ಕಾಂಡ ಒಳಗೆ ಹಸಿಯಾಗೇ ಇರುತ್ತದೆ. ಹಸಿ ಅಲಸಂದಿಯಲ್ಲಿ ನೂರಕ್ಕೆ 80 ಪಾಲು ನೀರೇ. ಬಣವೆಗೆ ಹಾಕುವಾಗ ಅದು 15 ಪಾಲಿಗೆ ಇಳಿದಿರಬೇಕು. ಅಂದರೆ 100 ಕಿಲೋ ಹಸಿ ಮೇವು ಒಣಗಿ 23-24 ಕಿಲೋ ಆಗಬೇಕು. ಅಷ್ಟು ನೀರು ಎರಡು ದಿನದಲ್ಲಿ ಆ ಕಾಂಡದಿಂದ ಹೋಗುವುದಿಲ್ಲ.

ಐದನೇ ದಿನ ಬೆಳಿಗ್ಗೆ ಅವ್ವ ಕರೆದಳು. "ತಮ್ಮಾ, ಬಣವಿ ಯಾಕೋ ಉಗಿ ಬಿಡಾಕತ್ತೈತಿ ನೋಡು." ತಾಡಪತ್ರಿಯ ಅಂಚಿನಿಂದ ಹಬೆ ಏಳುತ್ತಿತ್ತು. ಒಳಮೈಯಲ್ಲಿ ನೀರಿನ ಹನಿ ಸಾಲಾಗಿ ನಿಂತಿತ್ತು. ವಾಸನೆ ಬೆಲ್ಲ ಕುದಿಸಿದ ಹಾಗೂ ಇತ್ತು, ತಂಬಾಕಿನ ಹಾಗೂ ಇತ್ತು. ಕೈ ತೂರಿಸಿದೆ, ಮೊಣಕೈತನಕ ಹೋಗುವಷ್ಟರಲ್ಲಿ ಸುಟ್ಟಂತಾಗಿ ಎಳೆದುಕೊಂಡೆ. ಬಿಚ್ಚಿ ನೋಡಿದರೆ ನಡುವಿನ ಮೇವು ಕಾಫಿಪುಡಿ ಬಣ್ಣಕ್ಕೆ ತಿರುಗಿತ್ತು, ಅದರ ಸುತ್ತ ಬಿಳಿ ಬೂಷ್ಟು. ಒಂದು ಹಿಡಿ ಎತ್ತಿ ಕೊಡವಿದರೆ ಹಿಟ್ಟಿನ ಹಾಗೆ ಧೂಳು ಎದ್ದಿತು. ಮುಕ್ಕಾಲು ಪಾಲು ತಿಪ್ಪೆಗೆ ಹಾಕಿದೆ.

ಆವತ್ತು ನಾನು ಹಾಗೆ ಒಮ್ಮೆಲೇ ಬಿಚ್ಚಿದ್ದೂ ದೊಡ್ಡ ತಪ್ಪು. ಕಾದ ಬಣವೆಗೆ ಗಾಳಿ ಸಿಕ್ಕರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಅನುಮಾನ ಬಂದರೆ ಮೊದಲು ಉದ್ದ ಕಬ್ಬಿಣದ ಸರಳು ನಡುವಿನತನಕ ಚುಚ್ಚಿ, ಅರ್ಧ ಗಂಟೆ ಬಿಟ್ಟು ಎಳೆದು ನೋಡಿ. ಹಿಡಿಯೋಕೆ ಆಗದಷ್ಟು ಬಿಸಿ ಇದ್ದರೆ ದನಗಳನ್ನು ದೂರ ಕಟ್ಟಿ, ನೀರು ಪಕ್ಕದಲ್ಲಿ ಇಟ್ಟುಕೊಳ್ಳಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ. ಮೇಲೆ ಹತ್ತಲೇಬೇಡಿ, ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕುಸಿಯುತ್ತದೆ. ಈ ಕಾವು ಮೊದಲ ವಾರಕ್ಕೇ ಮುಗಿಯುವುದೂ ಇಲ್ಲ. ಒಂದೂವರೆ ತಿಂಗಳತನಕ ಆಗಾಗ ಸರಳು ಹಾಕಿ ನೋಡುತ್ತಿರಿ.

ಇನ್ನೊಂದು ಮಾತು. ಕಂದು ತಿರುಗಿದ ಮೇವು ಸಿಹಿ ವಾಸನೆ ಇರುತ್ತದೆ ಅಂತ ದನ ಆಸೆಯಿಂದ ತಿನ್ನುತ್ತವೆ. ತಿಂದವು ಅಂತ ಅದು ಒಳ್ಳೆ ಮೇವಲ್ಲ, ಕಾವಿಗೆ ಅದರ ಪ್ರೋಟೀನ್ ಕಟ್ಟಿಕೊಂಡು ಜೀರ್ಣವಾಗದ ಹಾಗೆ ಆಗಿರುತ್ತದೆ. ಬೂಷ್ಟು ಬಂದದ್ದನ್ನಂತೂ ಯಾವ ದನಕ್ಕೂ ಹಾಕಬೇಡಿ, ಗಬ್ಬದ ದನಕ್ಕೆ ಮೊದಲೇ ಬೇಡ. ಅದನ್ನು ಕೊಡವುವಾಗ ಮುಖಕ್ಕೆ ಟವೆಲ್ ಕಟ್ಟಿಕೊಳ್ಳಿ, ಆ ಧೂಳು ನಮ್ಮ ಎದೆಗೂ ಒಳ್ಳೆಯದಲ್ಲ.

ಈ ವರ್ಷ ನಾನು ಬಿತ್ತನೆಯನ್ನೇ ತಡ ಮಾಡಿದೆ. ಬೋರಿನ ನೀರು ಸ್ವಲ್ಪ ಇದೆ ಅಂತ ಆಗಸ್ಟ್ ಕೊನೆಗೆ ಹಾಕಿ, ಅಕ್ಟೋಬರ್ ಕೊನೆಯಲ್ಲಿ, ಮಳೆ ಹಿಂದೆ ಸರಿದ ಮೇಲೆ ಕೊಯ್ದೆ. ನೀರಿನ ಅನುಕೂಲ ಇಲ್ಲದವರಿಗೆ ಇದು ಆಗಲಿಕ್ಕಿಲ್ಲ. ಬೆಳಿಗ್ಗೆ ಮಂಜು ಆರಿದ ಮೇಲೆ ಕೊಯ್ದು, ಒಂದು ದಿನ ತೆಳ್ಳಗೆ ಹರಡಿ ಬಾಡಲು ಬಿಟ್ಟೆ. ಮರುದಿನ ಮೂರು ಗಳ ಸೇರಿಸಿ ತುದಿ ಕಟ್ಟಿ ನಿಲ್ಲಿಸಿ, ಅದರ ಮೇಲೆ ಸಡಿಲವಾಗಿ ಹೊದಿಸಿದೆ. ಒಳಗೆ ಟೊಳ್ಳು ಇರುವುದರಿಂದ ಗಾಳಿ ಆಡುತ್ತದೆ, ಮೇವು ನೆಲಕ್ಕೆ ತಾಗುವುದಿಲ್ಲ. ತಿರುವಿ ಹಾಕುವುದಿದ್ದರೆ ಬೆಳಿಗ್ಗೆ ಮಂಜಿನ ಪಸೆ ಇನ್ನೂ ಇರುವಾಗಲೇ. ಮಟಮಟ ಮಧ್ಯಾಹ್ನ ತಿರುವಿದರೆ ಎಲೆಯೆಲ್ಲ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಅಲಸಂದಿಯ ಪ್ರೋಟೀನಿನ ಹೆಚ್ಚಿನ ಪಾಲು ಇರುವುದೇ ಎಲೆಯಲ್ಲಿ, ಉಳಿದದ್ದು ಬರೀ ಕಡ್ಡಿ ಅಲ್ವಾ.

ಒಣಗಿದ್ದು ನೋಡಬೇಕಾದ್ದು ಕಾಂಡದಲ್ಲಿ. ರಾಶಿಯ ಅಡಿಯಿಂದ ದಪ್ಪ ಕಾಂಡ ಎಳೆದು ಉಗುರಿನಿಂದ ಕೆರೆಯಿರಿ. ಸಿಪ್ಪೆ ಸುಲಿದು ಬಂದರೆ ಇನ್ನೂ ಹಸಿ. ಹಿಂಡಿ ತಿರುಚಿದಾಗ ಬಾಗದೆ ಲಟಕ್ ಅಂತ ಮುರಿಯಬೇಕು. ಆಮೇಲೆ ಉಪ್ಪಿನಲ್ಲೂ ನೋಡಬಹುದು. ಉಪ್ಪನ್ನು ಹಂಚಿನ ಮೇಲೆ ಹುರಿದು ಆರಿಸಿ, ಒಣಗಿದ ಗಾಜಿನ ಬಾಟಲಿಗೆ ಎರಡು ಮೂರು ಚಮಚ ಹಾಕಿ. ಕಾಂಡವನ್ನು ಸಣ್ಣಗೆ ಕತ್ತರಿಸಿ ಒಂದು ಹಿಡಿ ಸೇರಿಸಿ, ಮುಚ್ಚಳ ಬಿಗಿದು ಎರಡು ಮೂರು ನಿಮಿಷ ಅಲ್ಲಾಡಿಸಿ. ಉಪ್ಪು ಗಂಟು ಕಟ್ಟಿದರೆ ಅಥವಾ ಗಾಜಿಗೆ ಅಂಟಿದರೆ ಮೇವಿನಲ್ಲಿ ಇನ್ನೂ ನೀರಿದೆ. ಬಿಡಿಬಿಡಿಯಾಗಿ ಉದುರಿದರೆ ಒಟ್ಟಬಹುದು. ಉಪ್ಪು ಹುರಿಯದೆ ಹಾಕಿದರೆ ಆ ಹವೆಯಲ್ಲಿ ಸುಮ್ನೆ ತಾನೇ ಅಂಟುತ್ತದೆ, ಅದು ಲೆಕ್ಕಕ್ಕಿಲ್ಲ. ಒಂದೇ ಕಡೆಯದಲ್ಲ, ನಾಲ್ಕೈದು ಕಡೆಯ ಮೇವು ತೆಗೆದು ನೋಡಿ.

ನನ್ನ ಅಲಸಂದಿಗೆ ಈ ಸಲ ಆರು ದಿನ ಬೇಕಾಯಿತು. ನಾಲ್ಕನೇ ದಿನವೇ ಎಲೆ ಗರಗರ ಅನ್ನುತ್ತಿತ್ತು, ಬಾಟಲಿಯಲ್ಲಿ ಮಾತ್ರ ಉಪ್ಪು ಗಂಟು ಕಟ್ಟಿತು. ಎರಡು ದಿನ ತಡೆದೆ. ಈಗ ಬಣವೆಯ ಅಡಿಗೆ ಕಲ್ಲು, ಅದರ ಮೇಲೆ ಕಟ್ಟಿಗೆ ಹಾಸಿದ್ದೇನೆ, ತಾಡಪತ್ರಿ ತಲೆಗೆ ಮಾತ್ರ ಹೊದಿಸಿ ಪಕ್ಕಗಳನ್ನು ತೆರೆದಿಟ್ಟಿದ್ದೇನೆ. ನಿನ್ನೆ ಸರಳು ಎಳೆದು ನೋಡಿದೆ, ತಣ್ಣಗಿತ್ತು. ಒಳಗಿನಿಂದ ಒಂದು ಹಿಡಿ ತೆಗೆದರೆ ಎಲೆ ಇನ್ನೂ ಹಸಿರಾಗೇ ಇದೆ.