ಯುಪಿಐ ರಿಕ್ವೆಸ್ಟ್: ತಡವಾಗಿ ಅಪ್ರೂವ್ ಮಾಡಿದರೆ ದುಡ್ಡು ಕಟ್, ಟಿಕೆಟ್ ಇಲ್ಲ. ದಯವಿಟ್ಟು ಓದಿ

ಬಸ್ ಟಿಕೆಟ್ ಸೈಟಿನಲ್ಲಿ ಯುಪಿಐ ಐಡಿ ಹಾಕಿ ಪೇಮೆಂಟ್ ಮಾಡುವವರು ಇದನ್ನು ಓದಲೇಬೇಕು. ನಮ್ಮ ಅಕ್ಕನಿಗೆ ಆದದ್ದು ಇದು. ಸೈಟಿನ ಪೇಜಿನಲ್ಲಿ 5 ನಿಮಿಷದ ಕೌಂಟ್‌ಡೌನ್ ಓಡುತ್ತಿತ್ತು. ದುಡ್ಡು ಕೇಳಿ ಸೈಟಿನವರು ಯುಪಿಐ ಆ್ಯಪ್‌ಗೆ ಕಳಿಸುವ ರಿಕ್ವೆಸ್ಟ್‌ನ ನೋಟಿಫಿಕೇಶನ್ ತಡವಾಗಿ ಬಂತು. ಆ್ಯಪ್ ತೆರೆದು ನೋಡಿದರೆ ಅದೇ ರಿಕ್ವೆಸ್ಟ್‌ಗೆ 10 ನಿಮಿಷ ಟೈಮ್ ಇದೆ ಅಂತ ತೋರಿಸುತ್ತಿದೆ. ಇನ್ನೂ ಟೈಮ್ ಇದೆಯಲ್ಲ ಅಂತ ಅಕ್ಕ 7ನೇ ನಿಮಿಷಕ್ಕೆ ಪಿನ್ ಒತ್ತಿದಳು. ₹2,340 ಕಟ್ ಆಯಿತು. ಪೇಜಿಗೆ ವಾಪಸ್ ಬಂದರೆ "ಪೇಮೆಂಟ್ ವಿಫಲ, ಮತ್ತೆ ಪ್ರಯತ್ನಿಸಿ". ಪ್ರಯತ್ನಿಸಿದಳು. ಇನ್ನೊಂದು ₹2,340 ಹೋಯಿತು. ಸೀಟು ಸಿಕ್ಕಿದ್ದು ಎರಡನೆಯದಕ್ಕೆ ಮಾತ್ರ.

ಕಸ್ಟಮರ್ ಕೇರ್‌ನವರು ಹೇಳಿದ್ದು ಕೇಳಿ: "ಮೇಡಂ, ನಿಮ್ಮ ಮೊದಲನೇ ರಿಕ್ವೆಸ್ಟ್ ಎಕ್ಸ್‌ಪೈರ್ ಆಗಿದೆ, ನಮಗೆ ದುಡ್ಡು ಬಂದಿಲ್ಲ, ಬ್ಯಾಂಕನ್ನು ಕೇಳಿ." ಬ್ಯಾಂಕಿಗೆ ಫೋನ್ ಮಾಡಿದರೆ: "ನಮ್ಮ ಕಡೆ ಸಕ್ಸಸ್ ಇದೆ, ಮರ್ಚೆಂಟನ್ನೇ ಕೇಳಿ." ಮತ್ತೆ ಸೈಟಿನವರು: "ನೀವೇ ಟೈಮ್ ಮುಗಿದ ಮೇಲೆ ಅಪ್ರೂವ್ ಮಾಡಿದ್ದೀರಿ." ತಪ್ಪೆಲ್ಲ ಅವಳದ್ದೇ ಅನ್ನುವ ಧಾಟಿ! ದುಡ್ಡು ಕೊಟ್ಟವಳು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ಸೈಟಿನವರು ಹೇಳಿದ್ದು ಸುಳ್ಳು. ಯಾಕೆ ಅಂತ ಹೇಳುತ್ತೇನೆ.

ರಿಕ್ವೆಸ್ಟ್‌ಗೆ ಅವಧಿ ಇರುವುದು ಸರಿಯೇ. ನೀವು ಪಿನ್ ಒತ್ತುವವರೆಗೆ ಆ ಸೀಟನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಹಿಡಿದಿಟ್ಟುಕೊಂಡಿರಬೇಕು. ಅವಧಿಯೇ ಇಲ್ಲದಿದ್ದರೆ ನೀವು ಬೇಡ ಅಂತ ಬಿಟ್ಟುಹೋದ ಆರ್ಡರ್‌ನ ರಿಕ್ವೆಸ್ಟ್ ಆ್ಯಪ್‌ನಲ್ಲೇ ಉಳಿದು, ಯಾವತ್ತೋ ಕೈತಪ್ಪಿ ಅಪ್ರೂವ್ ಆಗಿಬಿಡಬಹುದು. ಅದಕ್ಕೇ ರಿಕ್ವೆಸ್ಟ್ ಕಳಿಸುವಾಗಲೇ ಎಷ್ಟು ನಿಮಿಷ ಅಂತ ಮರ್ಚೆಂಟ್ ಕಡೆಯಿಂದ ನಮೂದಾಗುತ್ತದೆ. ಈ ಅವಧಿ ನಿಜವಾಗಿಯೂ ಮುಗಿದ ಮೇಲೆ ಅಪ್ರೂವ್ ಮಾಡಲು ಹೋದರೆ ಯುಪಿಐ ವ್ಯವಸ್ಥೆಯೇ ತಳ್ಳಿಹಾಕುತ್ತದೆ. U69 ಅನ್ನುವ ಕೋಡ್ ಇದಕ್ಕೇ ಇರುವುದು. ಆಗ ದುಡ್ಡು ಕಟ್ ಆಗುವುದೇ ಇಲ್ಲ.

ಅಂದರೆ ದುಡ್ಡು ಕಟ್ ಆಗಿ ಸಕ್ಸಸ್ ಬಂದಿದೆ ಅಂದಮೇಲೆ ರಿಕ್ವೆಸ್ಟ್ ಎಕ್ಸ್‌ಪೈರ್ ಆಗಿರಲಿಲ್ಲ. ಮುಗಿದದ್ದು ಸೈಟಿನ ಪೇಜಿನ ಕೌಂಟ್‌ಡೌನ್ ಮಾತ್ರ. ಗಡಿಯಾರ ಎರಡು ಇವೆ, ಒಂದಲ್ಲ! ಪೇಜಿನದ್ದು 5 ನಿಮಿಷಕ್ಕೆ ನಿಂತಿತು, ಆರ್ಡರ್ ಕ್ಯಾನ್ಸಲ್ ಆಯಿತು, ಸೀಟು ಬಿಟ್ಟುಕೊಟ್ಟರು. ರಿಕ್ವೆಸ್ಟ್ ಮಾತ್ರ ಇನ್ನೂ 5 ನಿಮಿಷ ಜೀವಂತವಾಗಿತ್ತು. ಆ ನಡುವೆ ಬಂದ ದುಡ್ಡು ಆರ್ಡರ್ ಇಲ್ಲದ ದುಡ್ಡಾಗಿ ಮರ್ಚೆಂಟ್ ಪರವಾಗಿ ದುಡ್ಡು ಪಡೆಯುವ ಪೇಮೆಂಟ್ ಗೇಟ್‌ವೇಯಲ್ಲಿ ಕೂತಿತ್ತು. ಎರಡೂ ಅವಧಿ ಒಂದೇ ಇಡಬೇಕಿತ್ತು. ಇಲ್ಲವೇ "ವಿಫಲ" ಅಂತ ಬರೆಯುವ ಮೊದಲು ಗೇಟ್‌ವೇಯಲ್ಲಿ ಸ್ಟೇಟಸ್ ನೋಡಬೇಕಿತ್ತು. ಎರಡನ್ನೂ ಮಾಡದೆ ಗಿರಾಕಿಯನ್ನು ಬೈಯುತ್ತಾರೆ.

ಬಹಳ ಜನ ಏಮಾರುವುದು ಇಲ್ಲೇ. "5 ದಿನ ಕಾಯಿರಿ, ತಾನಾಗೇ ವಾಪಸ್ ಬರುತ್ತೆ" ಅನ್ನುತ್ತಾರೆ. 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಆ ನಿಯಮ ಇರುವುದು ಖಾತೆಯಿಂದ ದುಡ್ಡು ಹೋಗಿ ಮರ್ಚೆಂಟ್‌ಗೆ ದೃಢೀಕರಣ ಸಿಗದೇ ಇದ್ದಾಗ. ವಹಿವಾಟು ನಡೆದ ದಿನದಿಂದ 5 ದಿನದೊಳಗೆ ವಾಪಸ್ ಹಾಕಬೇಕು, ಆಮೇಲೆ ದಿನಕ್ಕೆ ₹100 ಪರಿಹಾರ. ಆದರೆ ಪೇಮೆಂಟ್ ಸಕ್ಸಸ್ ಆಗಿ ಮರ್ಚೆಂಟ್ ಕಡೆ ಸೇರಿದ್ದರೆ ಬ್ಯಾಂಕಿಗೆ ವಾಪಸ್ ಮಾಡಲು ಏನೂ ಉಳಿದಿಲ್ಲ. ಗೇಟ್‌ವೇಯ ಸೆಟ್ಟಿಂಗ್ ಪ್ರಕಾರ ತಾನಾಗಿ ರಿಫಂಡ್ ಆಗಬೇಕು, ಅಥವಾ ಮರ್ಚೆಂಟೇ ರಿಫಂಡ್ ಒತ್ತಬೇಕು. ಸುಮ್ಮನೆ ಕಾಯಬೇಡಿ.

ಆ್ಯಪ್‌ನ ಹಿಸ್ಟರಿಯಲ್ಲಿ ಆ ವಹಿವಾಟು ತೆರೆದು ನೋಡಿ. ಫೇಲ್ ಅಂತಿದ್ದೂ ಖಾತೆಯಲ್ಲಿ ಕಟ್ ಆಗಿದ್ದರೆ ಬ್ಯಾಂಕ್ ಹೊಣೆ. ಸಕ್ಸಸ್ ಇದ್ದರೆ ಅಲ್ಲಿರುವ 12 ಅಂಕಿಯ ಯುಟಿಆರ್ ನಂಬರ್, ಸಮಯ, ಆರ್ಡರ್ ನಂಬರ್ ಸೇರಿಸಿ ಮರ್ಚೆಂಟ್‌ಗೆ ಇಮೇಲ್ ಮಾಡಿ. ಫೋನಿನಲ್ಲಿ ಮಾತಾಡಿದ್ದಕ್ಕೆ ದಾಖಲೆ ಇರುವುದಿಲ್ಲ. ಅಕ್ಕನಿಗೆ "ದುಡ್ಡು ಬಂದಿಲ್ಲ" ಅಂದವರೇ ಯುಟಿಆರ್ ಕಳಿಸಿದ ಮೇಲೆ "ಹೌದು ಮೇಡಂ, ಸಿಕ್ಕಿತು" ಅಂದರು. ಅದಕ್ಕೂ ಒಪ್ಪದಿದ್ದರೆ ಆ್ಯಪ್‌ನಲ್ಲೇ ಅದೇ ವಹಿವಾಟಿನ ಮೇಲೆ ದೂರು ಹಾಕಿ. ಪೆಂಡಿಂಗ್ ಅಂತಿದ್ದರೆ ಅದು ಇತ್ಯರ್ಥ ಆಗುವವರೆಗೆ ಎರಡನೇ ಸಲ ಪೇಮೆಂಟ್ ಮಾಡಲೇಬೇಡಿ. ಮತ್ತೆ, ಪೇಜಿನ ಕೌಂಟ್‌ಡೌನ್ ಮುಗಿದಿದ್ದರೆ ಆ್ಯಪ್‌ನಲ್ಲಿ ಉಳಿದ ರಿಕ್ವೆಸ್ಟ್‌ಗೆ ಡಿಕ್ಲೈನ್ ಒತ್ತಿ.

"ನಿಮ್ಮ ರಿಫಂಡ್‌ಗೆ ಒಂದು ರಿಕ್ವೆಸ್ಟ್ ಕಳಿಸುತ್ತೇವೆ, ಅಪ್ರೂವ್ ಮಾಡಿ" ಅಂತ ಫೋನ್ ಬಂದರೆ ಕಟ್ ಮಾಡಿ. ದುಡ್ಡು ಬರುವುದಕ್ಕೆ ಪಿನ್ ಬೇಡ. ಖಾಸಗಿ ವ್ಯಕ್ತಿಗಳು ಒಬ್ಬರಿಗೊಬ್ಬರು ರಿಕ್ವೆಸ್ಟ್ ಕಳಿಸುವುದನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ, ಆದರೆ ಮರ್ಚೆಂಟ್ ಹೆಸರಿನಲ್ಲಿ ಬಂದದ್ದೆಲ್ಲ ಸಾಚಾ ಅಂತ ನಂಬಬೇಡಿ.